ನೂರು ಯೂನಿಟ್‌ನ ಸಿಲಿಂಡರ್

ಹೊಸ ಸಿಲಿಂಡರ್ ಜೋಡಿಸಿದ ದಿನ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಸುತ್ತು ಹಾಕಿಡುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಮುಂದಿನ ಸಿಲಿಂಡರ್ ಬಂದಾಗ ದಿನ ಎಣಿಸುತ್ತಾರೆ. ಒಮ್ಮೆ ನಲವತ್ತೆಂಟು ದಿನ, ಇನ್ನೊಮ್ಮೆ ಮೂವತ್ತೇಳು. ಕಡಿಮೆ ಬಂದಾಗಲೆಲ್ಲ ‘ಈ ಸಲ ಗ್ಯಾಸ್ ಕಮ್ಮಿ ತುಂಬಿದಾರೆ’ ಎಂಬ ಮಾತು ಹುಟ್ಟುತ್ತದೆ. ಅದು ಕೆಲವೊಮ್ಮೆ ನಿಜವೂ ಇರಬಹುದು. ಆದರೆ ಹತ್ತು ದಿನದ ವ್ಯತ್ಯಾಸ ಎಂದರೆ ಎರಡೂವರೆ, ಮೂರು ಕಿಲೋ ಅನಿಲ. ಅಷ್ಟು ಕಡಿಮೆಯಿದ್ದರೆ ಸಿಲಿಂಡರ್ ಎತ್ತುವ ಕೈಗೇ ಗೊತ್ತಾಗುತ್ತದೆ. ಉಳಿದ ಬಹುಪಾಲು ಸಂದರ್ಭಗಳಲ್ಲಿ ಆ ದಿನಗಳು ಒಲೆಯ ಮೇಲೆಯೇ ಕಳೆದಿರುತ್ತವೆ. ಎಲ್ಲಿ ಕಳೆದವು ಎಂದು ತಿಳಿಯಲು ಕಿಲೋಗ್ರಾಂ ಲೆಕ್ಕ ಸಾಲದು, ಶಾಖದ ಲೆಕ್ಕ ಬೇಕು.

ಶಾಖ ಅಳೆಯುವ ಮಾಪನ ನಮಗೆ ಈಗಾಗಲೇ ಪರಿಚಿತ. ಕರೆಂಟ್ ಬಿಲ್ಲಿನಲ್ಲಿ ‘ಯೂನಿಟ್’ ಎಂದು ಬರುವುದು ಒಂದು ಕಿಲೋವ್ಯಾಟ್-ಅವರ್. ಸಾವಿರ ವ್ಯಾಟಿನ ಕಾಯಿಲ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಸೀಮೆಎಣ್ಣೆ, ಸೌದೆ, ಅನಿಲ ಯಾವುದರ ಶಾಖವನ್ನಾದರೂ ಇದೇ ಯೂನಿಟ್‌ನಲ್ಲಿ ಹೇಳಬಹುದು. ಹಾಗೆ ಹೇಳಿದರೆ ಗ್ಯಾಸ್ ಒಲೆಯನ್ನೂ ಕರೆಂಟಿನ ಒಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಲು ಬರುತ್ತದೆ.

ಮೊದಲು ಸಿಲಿಂಡರಿನ ಒಳಗಿರುವುದೆಷ್ಟು ಎಂದು ನೋಡೋಣ. ಮನೆಬಳಕೆಯ ದೊಡ್ಡ ಸಿಲಿಂಡರಿನಲ್ಲಿ 14.2 ಕಿಲೋ ಎಲ್‌ಪಿಜಿ ಇರಬೇಕು. ಖಾಲಿ ಸಿಲಿಂಡರಿನ ತೂಕ ಒಂದೊಂದರದ್ದು ಒಂದೊಂದು, ಹೆಚ್ಚಾಗಿ ಹದಿನೈದು, ಹದಿನಾರು ಕಿಲೋ ಆಸುಪಾಸು. ಕತ್ತಿನ ಬಳೆಯನ್ನು ಹಿಡಿದಿರುವ ಪಟ್ಟಿಗಳ ಮೇಲೆ ‘ಟಿ.ಡಬ್ಲ್ಯು.’ ಎಂಬ ಗುರುತಿನ ಪಕ್ಕದಲ್ಲಿ ಆ ಸಿಲಿಂಡರಿನದೇ ಖಾಲಿ ತೂಕ ಬರೆದಿರುತ್ತದೆ. ಅದಕ್ಕೆ 14.2 ಕೂಡಿಸಿದರೆ ಬಂದ ಸಿಲಿಂಡರ್ ತೂಗಬೇಕಾದ ಲೆಕ್ಕ. 15.6 ಎಂದು ಬರೆದಿದ್ದರೆ 29.8 ಬರಬೇಕು. ಮನೆಗೆ ತಂದುಕೊಡುವವರ ಬಳಿ ತಕ್ಕಡಿ ಇರುತ್ತದೆ, ಇರಲೇಬೇಕು. ಸೀಲ್ ಒಡೆಯುವ ಮುಂಚೆ ‘ಒಂದು ಸಲ ತೂಗಿಬಿಡಿ’ ಎಂದು ಕೇಳುವುದು ಗ್ರಾಹಕರ ಹಕ್ಕು. ಈ ಅರ್ಧ ನಿಮಿಷದ ಕೆಲಸ ಮಾಡಿದರೆ ಮುಂದಿನ ಲೆಕ್ಕವೆಲ್ಲ ಗಟ್ಟಿ ನೆಲದ ಮೇಲೆ ನಿಲ್ಲುತ್ತದೆ.

ಒಳಗಿರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಅನಿಲಗಳ ಮಿಶ್ರಣ. ಒತ್ತಡದಲ್ಲಿ ದ್ರವವಾಗಿ ಕೂತಿರುತ್ತದೆ, ವಾಲ್ವ್ ತೆರೆದಾಗ ಮೇಲ್ಭಾಗದಿಂದ ಆವಿಯಾಗಿ ಬರುತ್ತದೆ. ಇದರ ಒಂದು ಕಿಲೋ ಪೂರ್ತಿ ಉರಿದರೆ ಸುಮಾರು 46 ಮೆಗಾಜೂಲ್ ಶಾಖ ಸಿಗುತ್ತದೆ. ಒಂದು ಯೂನಿಟ್ ಎಂದರೆ 3.6 ಮೆಗಾಜೂಲ್. ಭಾಗಿಸಿದರೆ ಕಿಲೋಗೆ 12.8 ಯೂನಿಟ್, 14.2 ಕಿಲೋಗೆ 181 ಯೂನಿಟ್ ಚಿಲ್ಲರೆ.

ಕೆಲವು ಪುಸ್ತಕಗಳಲ್ಲಿ 46ರ ಬದಲು 49 ಅಥವಾ 50 ಎಂಬ ಅಂಕಿ ಕಾಣಬಹುದು. ಎರಡೂ ಸರಿಯೇ. ಎಲ್‌ಪಿಜಿ ಉರಿದಾಗ ನೀರಾವಿಯೂ ಹುಟ್ಟುತ್ತದೆ, ಒಂದು ಕಿಲೋ ಅನಿಲಕ್ಕೆ ಸುಮಾರು ಒಂದೂವರೆ ಕಿಲೋಗಿಂತ ಹೆಚ್ಚು. ಒಲೆ ಹಚ್ಚಿದ ಕೂಡಲೇ ತಣ್ಣನೆಯ ಪಾತ್ರೆಯ ತಳದಲ್ಲಿ ಕ್ಷಣಕಾಲ ಬೆವರಿನಂಥ ಹನಿಗಳು ಕಾಣುವುದು ಇದೇ ನೀರು. ಆ ಆವಿ ಮತ್ತೆ ನೀರಾಗಿ ಇಳಿದರೆ ಅದರಲ್ಲಿ ಅಡಗಿದ ಶಾಖವೂ ಸಿಗುತ್ತದೆ, ಆಗ ಲೆಕ್ಕ 50ರ ಹತ್ತಿರ ಹೋಗುತ್ತದೆ. ಆದರೆ ತೆರೆದ ಒಲೆಯಲ್ಲಿ ಅದು ಬಿಸಿ ಗಾಳಿಯ ಜೊತೆ ಚಿಮಣಿಗೋ ಕಿಟಕಿಗೋ ಹೊರಟುಹೋಗುತ್ತದೆ. ಅಡುಗೆಮನೆಗೆ 46 ಎಂಬುದೇ ಪ್ರಾಮಾಣಿಕ ಅಂಕಿ.

ಈ 181 ಯೂನಿಟ್ ಪೂರ್ತಿ ಪಾತ್ರೆಗೆ ಇಳಿಯುವುದಿಲ್ಲ. ಜ್ವಾಲೆಯ ಸ್ವಲ್ಪ ಶಾಖ ಪಾತ್ರೆಯ ಪಕ್ಕದಿಂದ ಮೇಲೇರಿ ಹೋಗುತ್ತದೆ, ಸ್ವಲ್ಪ ಒಲೆಯ ಕಬ್ಬಿಣವನ್ನೂ ಕಟ್ಟೆಯನ್ನೂ ಅಡುಗೆ ಮಾಡುವವರ ಮುಖವನ್ನೂ ಕಾಯಿಸುತ್ತದೆ. ಪಾತ್ರೆಗೆ ಇಳಿದ ಪಾಲನ್ನೇ ಉಷ್ಣ ದಕ್ಷತೆ ಎನ್ನುವುದು. ಭಾರತೀಯ ಮಾನಕ ಬ್ಯೂರೋದ ಐಎಸ್ 4246 ಎಂಬ ಮಾನದಂಡದ ಪ್ರಕಾರ ಮನೆಬಳಕೆಯ ಗ್ಯಾಸ್ ಒಲೆಯ ದಕ್ಷತೆ ಕನಿಷ್ಠ ಶೇಕಡಾ 68 ಇರಬೇಕು. ಒಲೆಯ ಮೇಲೆ ಐಎಸ್‌ಐ ಗುರುತು ಇದೆ ಎಂದರೆ ಈ ಪರೀಕ್ಷೆಯಲ್ಲಿ ಗೆದ್ದಿದೆ ಎಂದರ್ಥ. ಆದರೆ ಆ ಪರೀಕ್ಷೆ ನಡೆಯುವುದು ಪ್ರಯೋಗಾಲಯದಲ್ಲಿ. ಬರ್ನರಿನ ಅಳತೆಗೆ ಒಪ್ಪುವ ಅಗಲ ತಳದ ಪಾತ್ರೆ, ಮೇಲೆ ಮುಚ್ಚಳ, ಗಾಳಿ ಬೀಸದ ಕೋಣೆ, ಹೊಸ ಬರ್ನರ್. ನಮ್ಮ ಮನೆಯಲ್ಲಿ ಒಗ್ಗರಣೆ ಸೌಟನ್ನೂ ಅದೇ ಒಲೆಯ ಮೇಲೆ ಹಿಡಿಯುತ್ತೇವೆ, ಒಂದು ಲೋಟ ಹಾಲನ್ನೂ ದೊಡ್ಡ ಬರ್ನರಿನ ಮೇಲೆ ಇಡುತ್ತೇವೆ. ಹಾಗಾಗಿ ದಿನವಹಿ ಅಡುಗೆಗೆ ಶೇಕಡಾ 50ರಿಂದ 60 ಎಂದು ಹಿಡಿಯುವುದು ವಾಸ್ತವಕ್ಕೆ ಹತ್ತಿರ. ನಾನು ಇಲ್ಲಿ 55 ಎಂದು ಇಟ್ಟುಕೊಳ್ಳುತ್ತೇನೆ. ಅದಕ್ಕೆ ಇನ್ನೊಂದು ಅನುಕೂಲವೂ ಇದೆ: 181ರಲ್ಲಿ ಶೇಕಡಾ 55 ಎಂದರೆ ಹೆಚ್ಚುಕಡಿಮೆ ಸರಿಯಾಗಿ ನೂರು.

ಅಂದರೆ ಒಂದು ಸಿಲಿಂಡರ್ ಎಂದರೆ ಪಾತ್ರೆಯೊಳಗೆ ಇಳಿಯುವ ನೂರು ಯೂನಿಟ್ ಶಾಖ. ದಿನಕ್ಕೆ ಎಷ್ಟು ಯೂನಿಟ್ ಖರ್ಚು ಮಾಡುತ್ತೀರಿ ಎಂದು ಗೊತ್ತಾದರೆ ನೂರನ್ನು ಅದರಿಂದ ಭಾಗಿಸಿದರೆ ಬರುವುದೇ ದಿನಗಳ ಸಂಖ್ಯೆ. ಒಂದು ಯೂನಿಟ್‌ಗೆ ಅನಿಲ 142 ಗ್ರಾಂ.

ನಿಮ್ಮ ಮನೆಯ ಒಲೆ 55ರ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಒಂದು ಪಾತ್ರೆ ನೀರು, ಒಂದು ಗಡಿಯಾರ ಇಟ್ಟುಕೊಂಡು ಅಂದಾಜು ಮಾಡಬಹುದು. ಒಲೆಯ ಜೊತೆ ಬಂದ ಪುಸ್ತಕದಲ್ಲೋ ಒಲೆಯ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲೋ ಪ್ರತಿ ಬರ್ನರ್ ಗಂಟೆಗೆ ಎಷ್ಟು ಗ್ರಾಂ ಅನಿಲ ಉರಿಸುತ್ತದೆ ಎಂದು ಬರೆದಿರುತ್ತದೆ. ದೊಡ್ಡ ಬರ್ನರಿಗೆ 150 ಗ್ರಾಂ ಎಂದುಕೊಳ್ಳೋಣ. ಪೂರ್ತಿ ಉರಿಯಲ್ಲಿ ಅದು ಗಂಟೆಗೆ 1.92 ಯೂನಿಟ್ ಶಾಖ ಹೊರಹಾಕುತ್ತದೆ. ಈಗ ಅಗಲ ತಳದ ಪಾತ್ರೆಯಲ್ಲಿ ಅಳೆದು ಎರಡು ಲೀಟರ್ ನಲ್ಲಿ ನೀರು ಹಾಕಿ, ಮುಚ್ಚಳ ಮುಚ್ಚಿ, ಪೂರ್ತಿ ಉರಿಯಲ್ಲಿ ಇಟ್ಟು, ಬುಳುಬುಳು ಕುದಿ ಬರುವವರೆಗೆ ಸಮಯ ನೋಡಿ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು ನೂರು ಡಿಗ್ರಿ ಮುಟ್ಟುವುದೇ ಇಲ್ಲ, 97ರ ಹೊತ್ತಿಗೇ ಕುದಿಯುತ್ತದೆ. ಮಂಗಳೂರಿನಲ್ಲಾದರೆ ನೂರು. 25 ಡಿಗ್ರಿಯ ಒಂದು ಲೀಟರ್ ನೀರನ್ನು 97ಕ್ಕೆ ಏರಿಸಲು 0.084 ಯೂನಿಟ್ ಬೇಕು, ಎರಡು ಲೀಟರಿಗೆ 0.168. ನಿಮ್ಮ ಒಲೆಗೆ ಒಂಬತ್ತು ನಿಮಿಷ ಹಿಡಿದರೆ ಅದು ಉರಿಸಿದ್ದು 0.288 ಯೂನಿಟ್, ದಕ್ಷತೆ ಶೇಕಡಾ 58. ಎಂಟೇ ನಿಮಿಷಕ್ಕೆ ಕುದಿದರೆ 66, ಬಹಳ ಒಳ್ಳೆಯ ಒಲೆ. ಹನ್ನೊಂದು ನಿಮಿಷವಾದರೆ 48. ಎರಡು ಒಲೆಗಳ ನಡುವೆ ನೋಡಲು ಮೂರೇ ನಿಮಿಷದ ಅಂತರ, ಆದರೆ ಐವತ್ತು ದಿನ ಬರಬೇಕಾದ ಸಿಲಿಂಡರ್ ಒಂದರಲ್ಲಿ ಅರವತ್ತು ದಿನವೂ ಇನ್ನೊಂದರಲ್ಲಿ ನಲವತ್ತನಾಲ್ಕೂ ಬರುವಷ್ಟು ಅಂತರ ಅದು.

ಸಮಯ ಜಾಸ್ತಿ ಹಿಡಿದರೆ ಮೊದಲು ನೋಡಬೇಕಾದ್ದು ಜ್ವಾಲೆಯ ಬಣ್ಣ. ಆರೋಗ್ಯವಂತ ಉರಿ ನೀಲಿ, ಪ್ರತಿ ತೂತಿನಿಂದಲೂ ಒಂದೇ ಎತ್ತರ. ಹಾಲು ಉಕ್ಕಿ ಚೆಲ್ಲಿದಾಗ ಅದು ಬರ್ನರಿನ ಹಿತ್ತಾಳೆ ಮುಚ್ಚಳದ ತೂತುಗಳಲ್ಲಿ ಇಳಿದು ಸುಟ್ಟು ಕಲ್ಲಾಗುತ್ತದೆ. ಆಮೇಲೆ ಉರಿಯಲ್ಲಿ ಅಲ್ಲಲ್ಲಿ ಹಲ್ಲುದುರಿದ ಹಾಗೆ ಖಾಲಿ ಜಾಗ ಕಾಣುತ್ತದೆ. ಮುಚ್ಚಳವನ್ನು ತೆಗೆದು ಬಿಸಿ ಸೋಪಿನ ನೀರಿನಲ್ಲಿ ನೆನೆಸಿ, ಸಣ್ಣ ಪಿನ್ನಿನಿಂದ ತೂತುಗಳನ್ನು ಬಿಡಿಸಿ, ಪೂರ್ತಿ ಒಣಗಿಸಿ ಹಾಕಿದರೆ ಸರಿಹೋಗುತ್ತದೆ. ಉರಿಯ ತುದಿ ಹಳದಿಯಾಗಿದ್ದು ಪಾತ್ರೆಯ ತಳ ಕಪ್ಪಗಾಗುತ್ತಿದ್ದರೆ ಅನಿಲಕ್ಕೆ ಸಾಕಷ್ಟು ಗಾಳಿ ಬೆರೆಯುತ್ತಿಲ್ಲ. ಆ ಮಸಿ ಎಂದರೆ ಉರಿಯದೇ ಉಳಿದ ಇಂಧನ. ಅದು ತಳಕ್ಕೆ ಹಿಡಿದು ಶಾಖವನ್ನು ಒಳಗೆ ಬಿಡದಂತೆ ತಡೆಯುವುದು ಇನ್ನೊಂದು ನಷ್ಟ. ಇದು ಒಳಗಿನ ಜೆಟ್ ಅಥವಾ ಗಾಳಿ ಕೊಳವೆಯ ತೊಂದರೆ. ಜೆಟ್ಟಿನ ತೂತನ್ನು ನಾವೇ ಸೂಜಿಯಿಂದ ಕೆದಕಿ ಅಗಲ ಮಾಡಿಬಿಟ್ಟರೆ ಅನಿಲ ಇನ್ನೂ ಹೆಚ್ಚು ನುಗ್ಗುತ್ತದೆ, ಅದನ್ನು ಮೆಕ್ಯಾನಿಕ್‌ಗೆ ಬಿಡುವುದೇ ಸರಿ.

ಬರ್ನರ್ ಚೆನ್ನಾಗಿದ್ದೂ ದಕ್ಷತೆ ಬೀಳುವುದು ಪಾತ್ರೆಯಿಂದ. ಉರಿ ಪಾತ್ರೆಯ ತಳದ ಅಂಚನ್ನು ದಾಟಿ ಪಕ್ಕಕ್ಕೆ ನಾಲಿಗೆ ಚಾಚುತ್ತಿದ್ದರೆ ಅಷ್ಟೂ ಗಾಳಿಗೆ ಹೋಗುತ್ತಿದೆ. ಪಾತ್ರೆಯ ಹಿಡಿ ಮುಟ್ಟಲಾರದಷ್ಟು ಕಾಯುವುದು ಇದರ ಗುರುತು. ಸಣ್ಣ ಪಾತ್ರೆಯನ್ನು ಸಣ್ಣ ಬರ್ನರಿಗೆ ಬದಲಾಯಿಸಿದರೆ ಒಂದೆರಡು ನಿಮಿಷ ತಡವಾಗಬಹುದು, ಆದರೆ ಅದೇ ಹಾಲು ಕಡಿಮೆ ಅನಿಲದಲ್ಲಿ ಕಾಯುತ್ತದೆ.

ಈಗ ಒಂದು ಮನೆಯ ಲೆಕ್ಕ ಹಿಡಿಯೋಣ. ಬೆಂಗಳೂರು, ನಾಲ್ಕು ಜನ, ಎರಡು ಹೊತ್ತು ಮನೆಯ ಅಡುಗೆ, ಸ್ನಾನದ ನೀರಿಗೆ ಬೇರೆ ವ್ಯವಸ್ಥೆ. ಬೆಳಿಗ್ಗೆ ಒಂದು ಲೀಟರ್ ಹಾಲು ಕಾಯಿಸಿ, ಡಿಕಾಕ್ಷನ್‌ಗೆ ಅರ್ಧ ಲೀಟರ್ ನೀರು ಕುದಿಸಿ, ಎರಡನೇ ಸಲದ ಕಾಫಿಗೆ ಹಾಲು ಬಿಸಿ ಮಾಡಿದರೆ ಒಟ್ಟು 0.2 ಯೂನಿಟ್. ತಿಂಡಿಗೆ ಇಡ್ಲಿ: ತಳದ ನೀರು, ಹಿಟ್ಟು, ಪಾತ್ರೆ ಕಾಯಬೇಕು, ಕಾಲು ಗಂಟೆ ಹಬೆ ಏಳಬೇಕು. ಇದಕ್ಕೆ 0.35. ಮಧ್ಯಾಹ್ನಕ್ಕೆ ಕುಕ್ಕರಿನಲ್ಲಿ ಅನ್ನ, ಬೇಳೆ ಒಟ್ಟಿಗೆ ಇಟ್ಟರೆ ಇನ್ನೊಂದು 0.35. ಇದರಲ್ಲಿ ಕುಕ್ಕರಿನ ಲೋಹವೇ ಐದನೇ ಒಂದು ಪಾಲು ಶಾಖ ಕುಡಿಯುತ್ತದೆ. ಸಾರು ಕುದಿಸಿ, ಪಲ್ಯ ಬಾಡಿಸಿ, ಒಗ್ಗರಣೆ ಕೊಡುವುದಕ್ಕೆ 0.4. ಸಂಜೆಯ ಕಾಫಿಗೆ 0.1. ರಾತ್ರಿ ಚಪಾತಿಯೋ ಮುದ್ದೆಯೋ, ಸ್ವಲ್ಪ ಅನ್ನ, ಮಧ್ಯಾಹ್ನದ ಸಾರು ಬಿಸಿ ಮಾಡುವುದು ಸೇರಿ 0.6. ಕಾವಲಿಯ ಲೆಕ್ಕ ನೀರಿನ ಹಾಗೆ ಕೈಗೆ ಸಿಗುವುದಿಲ್ಲ, ಅದನ್ನು ಉರಿದ ಹೊತ್ತಿನಿಂದ ಹಿಡಿಯಬೇಕು: ಮಧ್ಯಮ ಉರಿಯಲ್ಲಿ ಇಪ್ಪತ್ತೈದು ನಿಮಿಷ ಚಪಾತಿ ಬೇಯಿಸಿದರೆ ಸುಮಾರು 40 ಗ್ರಾಂ ಅನಿಲ, ನಮ್ಮ ಲೆಕ್ಕದಲ್ಲಿ 0.3 ಯೂನಿಟ್.

ಕೂಡಿಸಿದರೆ ಎರಡು ಯೂನಿಟ್. ನೂರನ್ನು ಎರಡರಿಂದ ಭಾಗಿಸಿದರೆ ಐವತ್ತು ದಿನ. ಅನಿಲದ ಲೆಕ್ಕದಲ್ಲಿ ದಿನಕ್ಕೆ 284 ಗ್ರಾಂ, ದೊಡ್ಡ ಬರ್ನರ್ ಪೂರ್ತಿ ಉರಿಯಲ್ಲಿ ಎರಡು ಗಂಟೆಗೆ ಸ್ವಲ್ಪ ಕಡಿಮೆ ಉರಿದ ಹಾಗೆ. ಸಾಮಾನ್ಯ ಅಡುಗೆಮನೆಗೆ ಇದು ಒಪ್ಪುವ ಅಂಕಿ.

ಇದೇ ಮನೆಯಲ್ಲಿ ಈ ಐವತ್ತು ದಿನ ಹೇಗೆ ನಲವತ್ತಕ್ಕೆ ಇಳಿಯುತ್ತದೆ ಎಂಬುದೇ ನನಗೆ ಮುಖ್ಯವಾಗಿ ಹೇಳಬೇಕಾದ ವಿಷಯ. ದೊಡ್ಡ ಕಳ್ಳ ಹಬೆ. ಒಂದು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಲು 0.084 ಯೂನಿಟ್ ಸಾಕು ಎಂದೆವಲ್ಲ. ಕುದಿಯುತ್ತಿರುವ ಅದೇ ಲೀಟರನ್ನು ಪೂರ್ತಿ ಆವಿ ಮಾಡಿ ಹಾರಿಸಲು 0.63 ಯೂನಿಟ್ ಬೇಕು. ಏಳೂವರೆ ಪಟ್ಟು. ಹಾರಿಹೋದ ಈ ಶಾಖದಿಂದ ಬೇಳೆಯ ಒಂದು ಕಾಳೂ ಬೇಗ ಬೇಯುವುದಿಲ್ಲ, ಯಾಕೆಂದರೆ ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿ ದಾಟುವುದಿಲ್ಲ. ಕೊತಕೊತ ಕುದಿಯುವ ಸಾರಿಗೂ ಮೆಲ್ಲಗೆ ಗುಳ್ಳೆಯೇಳುವ ಸಾರಿಗೂ ಬಿಸಿ ಒಂದೇ. ಹೆಚ್ಚಿಗೆ ಕೊಟ್ಟ ಉರಿಯೆಲ್ಲ ನೀರನ್ನು ಹಾರಿಸುವುದಕ್ಕೇ ಹೋಗುತ್ತದೆ.

ನಮ್ಮ ಉದಾಹರಣೆಯ ಮನೆಯಲ್ಲಿ ಸಾರು, ಹುಳಿ, ತರಕಾರಿ ಬೇಯಿಸುವಾಗ ಮುಚ್ಚಳವಿಲ್ಲದೆ ದಿನಕ್ಕೆ ಅರ್ಧ ಲೀಟರ್ ನೀರು ಹೆಚ್ಚಿಗೆ ಆವಿಯಾಗುತ್ತದೆ ಎಂದುಕೊಳ್ಳಿ. ‘ನೀರು ಕಮ್ಮಿಯಾಯ್ತು’ ಎಂದು ನಡುವೆ ಎರಡು ಲೋಟ ಸುರಿಯುತ್ತೇವಲ್ಲ, ಅಷ್ಟೇ ಅದು. ಅದರ ಬೆಲೆ 0.31 ಯೂನಿಟ್, ಒಂದು ಹೊತ್ತಿನ ಅನ್ನ ಬೇಳೆಯ ಖರ್ಚಿಗೆ ಸಮ. ದಿನದ ಎರಡು ಯೂನಿಟ್ 2.31 ಆಗುತ್ತದೆ, ಸಿಲಿಂಡರ್ ನಲವತ್ತಮೂರು ದಿನಕ್ಕೆ ಮುಗಿಯುತ್ತದೆ. ಮುಚ್ಚಳ ಇಡದಿದ್ದುದರಿಂದ ಹೋದದ್ದು ಒಂದು ವಾರ. ಗಟ್ಟಿಯಾಗಲೆಂದೇ ಕುದಿಸುವ ಪಾಯಸಕ್ಕೂ ಗೊಜ್ಜಿಗೂ ಈ ಮಾತು ಅನ್ವಯಿಸುವುದಿಲ್ಲ, ಅಲ್ಲಿ ನೀರು ಹಾರಿಸುವುದೇ ಕೆಲಸ.

ಕುಕ್ಕರ್ ಉಳಿತಾಯ ಮಾಡುವುದೂ ಹಬೆಯನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ. ಒಳಗೆ ಒತ್ತಡ ಏರಿ ನೀರು ಸುಮಾರು 120 ಡಿಗ್ರಿ ಮುಟ್ಟುತ್ತದೆ, ಬೇಳೆ ಬೇಗ ಬೇಯುತ್ತದೆ. ಆದರೆ ಒತ್ತಡ ಒಮ್ಮೆ ಪೂರ್ತಿ ಏರಿದ ಮೇಲೆ ಒಳಗಿನ ಪದಾರ್ಥಕ್ಕೆ ಹೊಸ ಶಾಖ ಹೆಚ್ಚೇನೂ ಬೇಡ. ಹೊರಮೈಯಿಂದ ಸೋರುವಷ್ಟನ್ನು ತುಂಬಿಕೊಟ್ಟರೆ ಸಾಕು. ಕೂಗು ಎಂದರೆ ಹೆಚ್ಚಾದ ಶಾಖ ಹೊರಬೀಳುವ ದಾರಿ. ಆರು ಕೂಗು ಕೂಗಿಸುವ ಬದಲು ಮೊದಲ ಕೂಗು ಬಂದ ಕೂಡಲೇ ಉರಿಯನ್ನು ಅತಿ ಸಣ್ಣಕ್ಕೆ ಇಳಿಸಿ, ಬೇಕಾದಷ್ಟು ನಿಮಿಷ ಹಾಗೇ ಬಿಟ್ಟು, ಆರಿಸಿದ ಮೇಲೆ ಒತ್ತಡ ತಾನಾಗಿ ಇಳಿಯಲು ಬಿಟ್ಟರೆ ಅದೇ ಅನ್ನ, ಅದೇ ಬೇಳೆ ಆಗುತ್ತದೆ. ಕೂಗು ಎಣಿಸುವ ಅಭ್ಯಾಸಕ್ಕಿಂತ ನಿಮಿಷ ಎಣಿಸುವುದು ಇಲ್ಲಿ ಹೆಚ್ಚು ನಂಬಿಕೆಯದು.

ಹಬೆಗಿಂತಲೂ ದೊಡ್ಡ ಖರ್ಚು ಒಂದಿದೆ, ಅದನ್ನು ಅಡುಗೆಯ ಲೆಕ್ಕದಲ್ಲಿ ಯಾರೂ ಸೇರಿಸುವುದಿಲ್ಲ. ಸ್ನಾನದ ನೀರು. ಬಾತ್‌ರೂಮಿನ ಗೀಸರ್ ಕೆಟ್ಟಾಗ, ಕರೆಂಟ್ ಇಲ್ಲದಾಗ, ಇಲ್ಲವೇ ಹಂಡೆ ಒಲೆ ಬಿಟ್ಟು ಹೊಸ ಮನೆಗೆ ಬಂದಾಗ ದೊಡ್ಡ ಪಾತ್ರೆಯೊಂದು ಗ್ಯಾಸಿನ ಮೇಲೆ ಏರುತ್ತದೆ. ಒಬ್ಬರಿಗೆ ಒಂದು ಬಕೆಟ್, 20 ಲೀಟರ್, 25 ಡಿಗ್ರಿಯಿಂದ 42ಕ್ಕೆ. ನೀವು ಅರ್ಧ ನೀರನ್ನು ಕುದಿಸಿ ತಣ್ಣೀರು ಬೆರೆಸಿದರೂ ಬಕೆಟ್ಟಿಗೆ ಸೇರಬೇಕಾದ ಶಾಖ ಅಷ್ಟೇ: 0.4 ಯೂನಿಟ್. ಒಬ್ಬರ ಒಂದು ಸ್ನಾನ ಇಡೀ ಮನೆಯ ಇಡ್ಲಿಗಿಂತ ದುಬಾರಿ. ನಾಲ್ಕು ಜನಕ್ಕೆ 1.6 ಯೂನಿಟ್. ಅಡುಗೆಯ ಎರಡು ಯೂನಿಟ್‌ಗೆ ಇದು ಸೇರಿದರೆ 3.6, ಐವತ್ತು ದಿನದ ಸಿಲಿಂಡರ್ ಇಪ್ಪತ್ತೆಂಟಕ್ಕೇ ಮುಗಿಯಿತು. ಚಳಿಗಾಲದಲ್ಲಿ ನಲ್ಲಿ ನೀರು 20 ಡಿಗ್ರಿಗೆ ಇಳಿದರೆ ಸ್ನಾನದ ಪಾಲು ಎರಡು ಯೂನಿಟ್ ದಾಟುತ್ತದೆ, ಆಗ ಇಪ್ಪತ್ತೈದು ದಿನವೂ ಕಷ್ಟ. ನಾಲ್ಕೇ ಜನರ ಮನೆಯಲ್ಲಿ ತಿಂಗಳಿಗೊಂದು ಸಿಲಿಂಡರ್ ಬೇಕಾಗುತ್ತಿದೆ ಎಂದರೆ ನಾನು ಮೊದಲು ಕೇಳುವ ಪ್ರಶ್ನೆ ಸ್ನಾನದ ನೀರಿನದು. ಮಾಡಿನ ಮೇಲೆ ಸೋಲಾರ್ ಹೀಟರ್ ಇದ್ದರೆ ಅದೇ ಬಿಸಿನೀರನ್ನು ಅನ್ನಕ್ಕೂ ಇಡ್ಲಿ ತಳಕ್ಕೂ ಹಾಕುವ ಯೋಚನೆ ಬರಬಹುದು. ಲೆಕ್ಕಕ್ಕೆ ಅದು ಒಳ್ಳೆಯದೇ, ಆದರೆ ಆ ತೊಟ್ಟಿಯ ನೀರು ಕುಡಿಯಲು ಯೋಗ್ಯವಲ್ಲದಿದ್ದರೆ ಅಡುಗೆಗೂ ಬೇಡ.

ಅಂದಾಜಿನ ಲೆಕ್ಕ ನಿಮ್ಮ ಮನೆಗೆ ಹೊಂದುತ್ತದೆಯೇ ಎಂದು ನೋಡಲು ಸ್ನಾನದ ಕೋಣೆಯ ತೂಕದ ಯಂತ್ರವೇ ಸಾಕು. ರೆಗ್ಯುಲೇಟರ್ ಆಫ್ ಮಾಡಿ, ಬಿಚ್ಚಿ, ವಾಲ್ವ್‌ಗೆ ಸುರಕ್ಷತಾ ಮುಚ್ಚಳ ಹಾಕಿ ಸಿಲಿಂಡರನ್ನು ಅದರ ಮೇಲೆ ನೆಟ್ಟಗೆ ನಿಲ್ಲಿಸಿ. ಸಿಲಿಂಡರಿನ ಬುಡ ಅಂಕಿ ಕಾಣುವ ಕಿಟಕಿಯನ್ನು ಮುಚ್ಚುವುದರಿಂದ ನಡುವೆ ಒಂದು ಸಣ್ಣ ಮರದ ಹಲಗೆ ಇಟ್ಟು, ಅದರ ತೂಕ ಕಳೆದುಕೊಳ್ಳಬೇಕು. ದಿನಾ ತೂಗಿ ಪ್ರಯೋಜನವಿಲ್ಲ, ಇಂಥ ಯಂತ್ರ ನೂರು, ಇನ್ನೂರು ಗ್ರಾಂ ಆಚೀಚೆ ತೋರಿಸುತ್ತದೆ, ಒಂದು ದಿನದ ಖರ್ಚೇ ಅಷ್ಟು. ಹತ್ತು ದಿನ ಬಿಟ್ಟು ತೂಗಿದರೆ ಮೂರು ಕಿಲೋ ಹತ್ತಿರದ ಇಳಿಕೆ ಕಾಣುತ್ತದೆ, ಆಗ ತಪ್ಪು ಸಣ್ಣದಾಗುತ್ತದೆ. ಮೂರು ಕಿಲೋವನ್ನು ಹತ್ತರಿಂದ ಭಾಗಿಸಿ, ದಿನಕ್ಕೆ 300 ಗ್ರಾಂ. ಉಳಿದ ಅನಿಲವನ್ನು ಇದರಿಂದ ಭಾಗಿಸಿದರೆ ಇನ್ನೆಷ್ಟು ದಿನ ಎಂಬುದೂ ತಿಳಿಯಿತು, ಬುಕ್ ಮಾಡುವುದು ಯಾವಾಗ ಎಂಬುದೂ. ಅಡುಗೆ ಬದಲಾಗದೆ ಇಳಿಕೆ ಮಾತ್ರ ಹೆಚ್ಚಿದ್ದರೆ ರಬ್ಬರ್ ಪೈಪನ್ನೂ ಜೋಡಣೆಗಳನ್ನೂ ಸೋಪಿನ ನೊರೆ ಹಚ್ಚಿ ನೋಡಬೇಕು. ಗುಳ್ಳೆ ಎದ್ದರೆ ಸೋರಿಕೆ. ವಾಸನೆ ಬಂದರಂತೂ ಲೆಕ್ಕದ ಮಾತೇ ಬೇಡ: ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆರೆದು, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು ಏಜೆನ್ಸಿಗೋ ತುರ್ತು ಸಹಾಯಕ್ಕೋ ಫೋನ್ ಮಾಡಬೇಕು.

ತೂಗಲಾಗದವರಿಗೆ ಒದ್ದೆ ಬಟ್ಟೆಯ ಉಪಾಯವಿದೆ. ಸಿಲಿಂಡರಿನ ಮೈಯನ್ನು ಮೇಲಿಂದ ಕೆಳಗೆ ಒರೆಸಿ ಕಾದು ನೋಡಿ. ದ್ರವ ಇರುವ ಭಾಗದ ತೇವ ನಿಧಾನವಾಗಿ ಆರುತ್ತದೆ, ಖಾಲಿ ಭಾಗ ಬೇಗ ಒಣಗುತ್ತದೆ, ನಡುವೆ ಗೆರೆ ಕಾಣುತ್ತದೆ. ಕೊನೆಯ ದಿನಗಳಲ್ಲಿ ಉರಿ ಸಣ್ಣಗಾದಾಗ ಸಿಲಿಂಡರನ್ನು ಮಲಗಿಸುವುದು, ಅಲ್ಲಾಡಿಸುವುದು, ಬಿಸಿನೀರಿನಲ್ಲಿ ಇಡುವುದು ಮಾಡುವವರಿದ್ದಾರೆ. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗಿ ಒಲೆಯಲ್ಲಿ ಭಗ್ಗೆನ್ನಬಹುದು. ಅದರಿಂದ ಸಿಗುವುದು ಒಂದೆರಡು ಹೊತ್ತಿನ ಅಡುಗೆ, ಒಡ್ಡಿಕೊಳ್ಳುವುದು ಪ್ರಾಣಾಪಾಯ. ಚಳಿಯಿರುವ ಮಡಿಕೇರಿಯಂಥ ಊರುಗಳಲ್ಲಿ ಉರಿ ಇನ್ನೂ ಬೇಗ ಸೊರಗುವುದಕ್ಕೆ ಕಾರಣವಿದೆ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೇ ಆವಿಯಾಗುವಂಥದ್ದು, ಬ್ಯೂಟೇನ್ ಸೊನ್ನೆಯ ಹತ್ತಿರ. ಹಾಗಾಗಿ ಪ್ರೊಪೇನ್ ಮುಂದಾಗಿ ಹೊರಡುತ್ತದೆ, ಕೊನೆಗೆ ಉಳಿಯುವುದರಲ್ಲಿ ಬ್ಯೂಟೇನ್ ಪಾಲು ಹೆಚ್ಚು, ತಂಪಿನಲ್ಲಿ ಅದರ ಒತ್ತಡ ಕಡಿಮೆ.

ಇನ್ನು ಯೂನಿಟ್‌ಗೆ ಇಳಿಸಿದ್ದರ ನಿಜವಾದ ಲಾಭ ಕರೆಂಟಿನ ಹೋಲಿಕೆಯಲ್ಲಿದೆ. ಇಂಡಕ್ಷನ್ ಒಲೆ ತಾನು ತೆಗೆದುಕೊಂಡ ಕರೆಂಟಿನ ಸುಮಾರು ಶೇಕಡಾ 85ನ್ನು ಪಾತ್ರೆಗೆ ಕೊಡುತ್ತದೆ. ನಮ್ಮ ನೂರು ಯೂನಿಟ್ ಪಾತ್ರೆಗೆ ಇಳಿಯಬೇಕಾದರೆ ಮೀಟರಿನಲ್ಲಿ 118 ಯೂನಿಟ್ ಓಡಬೇಕು. ಸಿಲಿಂಡರಿನ ಬೆಲೆ 900 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ 118ರಿಂದ ಭಾಗಿಸಿ 7 ರೂಪಾಯಿ 63 ಪೈಸೆ. ನಿಮ್ಮ ಬಿಲ್ಲಿನಲ್ಲಿ ಹೆಚ್ಚುವರಿ ಯೂನಿಟ್ ಒಂದಕ್ಕೆ ತೆರಿಗೆ, ಇಂಧನ ಹೊಂದಾಣಿಕೆ ಎಲ್ಲ ಸೇರಿ ಇದಕ್ಕಿಂತ ಕಡಿಮೆ ಬೀಳುತ್ತಿದ್ದರೆ ಇಂಡಕ್ಷನ್ ಅಗ್ಗ, ಹೆಚ್ಚು ಬೀಳುತ್ತಿದ್ದರೆ ಗ್ಯಾಸ್ ಅಗ್ಗ. ಬೆಲೆ ಬದಲಾದಾಗಲೂ 118 ಎಂಬ ಅಂಕಿ ಬದಲಾಗುವುದಿಲ್ಲ, ಆ ತಿಂಗಳ ಸಿಲಿಂಡರಿನ ದರವನ್ನು ಅದರಿಂದ ಭಾಗಿಸಿಕೊಂಡರಾಯಿತು.

ಕರ್ನಾಟಕದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಮಡಿಕೆ ಇದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗೆ ಉಚಿತವಾಗಿ ಸಿಗುವುದು ನೇರವಾಗಿ 200 ಯೂನಿಟ್ ಅಲ್ಲ. ಆ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಮಿತಿ ಗೊತ್ತುಮಾಡಿರುತ್ತಾರೆ. ಮಿತಿ ಮೀರಿದ್ದಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ನಮ್ಮ ಉದಾಹರಣೆಯ ಮನೆ ಅಡುಗೆಯನ್ನೆಲ್ಲ ಇಂಡಕ್ಷನ್‌ಗೆ ತಂದರೆ ತಿಂಗಳಿಗೆ 70 ಯೂನಿಟ್ ಹೆಚ್ಚುತ್ತದೆ. ಈಗ ತಿಂಗಳಿಗೆ 100 ಯೂನಿಟ್ ಸುಡುವ ಮನೆಗೆ ಹೆಚ್ಚುವರಿಯಷ್ಟರದೇ ಬಿಲ್ ಬರುತ್ತದೆ. 150 ಸುಡುವ ಮನೆ 200ರ ಗೆರೆ ದಾಟಿ, ಅಲ್ಲಿಯವರೆಗೆ ಉಚಿತವಾಗಿದ್ದುದಕ್ಕೂ ಹಣ ಕಟ್ಟಬೇಕಾಗುತ್ತದೆ. ಎರಡನೇ ಮನೆಗೆ ಗ್ಯಾಸೇ ಸರಿ, ಇಲ್ಲವೇ 200ರ ಒಳಗೆ ನಿಲ್ಲುವಷ್ಟು ಕೆಲಸವನ್ನು ಮಾತ್ರ ಕರೆಂಟಿಗೆ ಕೊಡಬೇಕು.

ಹಾಗೆ ಪಾಲು ಮಾಡುವುದಾದರೆ ಹಾಲು, ಕಾಫಿ, ಇಡ್ಲಿ, ಕುಕ್ಕರ್ ಇವು ಇಂಡಕ್ಷನ್‌ಗೆ ಸುಲಭವಾಗಿ ಹೋಗುತ್ತವೆ, ಅಯಸ್ಕಾಂತ ಅಂಟುವ ಚಪ್ಪಟೆ ತಳದ ಪಾತ್ರೆ ಇದ್ದರೆ ಸಾಕು. ಚಪಾತಿಯನ್ನು ಉರಿಯ ಮೇಲೆ ಉಬ್ಬಿಸುವುದು, ಬದನೆಕಾಯಿ ಸುಡುವುದು, ಕೋಲು ಹಾಕಿ ಮುದ್ದೆ ತೊಳೆಸುವುದು ಗಾಜಿನ ಒಲೆಗೆ ಒಗ್ಗುವ ಕೆಲಸಗಳಲ್ಲ. ಅದರ ಜೊತೆಗೆ ಒಗ್ಗರಣೆಯನ್ನೂ ಗ್ಯಾಸಿಗೇ ಉಳಿಸಿಕೊಂಡರೆ ನಮ್ಮ ಮನೆಯ ಲೆಕ್ಕದಲ್ಲಿ ದಿನಕ್ಕೆ 0.8 ಯೂನಿಟ್ ಗ್ಯಾಸಿನದು, 1.2 ಕರೆಂಟಿನದು. ಮೀಟರಿನಲ್ಲಿ ತಿಂಗಳಿಗೆ ಹೆಚ್ಚುವುದು 42 ಯೂನಿಟ್, 150 ಸುಡುವ ಮನೆಯೂ 192ರಲ್ಲಿ ನಿಲ್ಲುತ್ತದೆ. ಐವತ್ತು ದಿನಕ್ಕೆ ಮುಗಿಯುತ್ತಿದ್ದ ಸಿಲಿಂಡರ್ ನೂರಿಪ್ಪತ್ತೈದು ದಿನ ಬರುತ್ತದೆ.